ಅಜ್ಜಿ ಶುರುಮಾಡಿದ ನಕಲು, ಮೊಮ್ಮಗಳ ಪಾಲು

ಇ. ಕೊಲೈ ಬ್ಯಾಕ್ಟೀರಿಯಾದ ಕ್ರೋಮೋಸೋಮ್ ಒಂದೇ, ಅದೂ ಉಂಗುರದಂತಿರುವುದು. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದನ್ನು ಒಂದು ಸಲ ಪೂರ್ತಿ ನಕಲು ಮಾಡಲು ಸುಮಾರು 40 ನಿಮಿಷ ಬೇಕು. ನಕಲು ಮುಗಿದ ಮೇಲೆ ಕೋಶ ಎರಡಾಗಿ ಒಡೆಯಲು ಇನ್ನೂ 20 ನಿಮಿಷ. ಒಟ್ಟು ಒಂದು ಗಂಟೆ. ಆದರೆ ಒಳ್ಳೆಯ ಪೋಷಕಾಂಶವಿರುವ ದ್ರಾವಣದಲ್ಲಿ ಇದೇ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ, ಹುಟ್ಟುವ ಪ್ರತಿ ಮರಿಕೋಶಕ್ಕೂ ಪೂರ್ತಿ ಕ್ರೋಮೋಸೋಮ್ ಸಿಕ್ಕಿರುತ್ತದೆ. ಒಂದು ಗಂಟೆಯ ಕೆಲಸ 20 ನಿಮಿಷದಲ್ಲಿ ಮುಗಿಯುವುದು ಹೇಗೆ?

ಬೆಳವಣಿಗೆ ಚುರುಕಾದಾಗ ನಕಲಿನ ವೇಗವೂ ಹೆಚ್ಚುತ್ತದೆ ಎಂಬ ಉತ್ತರ ಮೊದಲು ಹೊಳೆಯುತ್ತದೆ. ಅದು ತಪ್ಪು. ನಕಲು ಶುರುವಾಗುವುದು ಉಂಗುರದ ಒಂದೇ ಒಂದು ಜಾಗದಲ್ಲಿ. ಅದನ್ನು ಆರಂಭಬಿಂದು ಎನ್ನೋಣ. ಅಲ್ಲಿಂದ ಎರಡು ಕವಲುಗಳು ವಿರುದ್ಧ ದಿಕ್ಕಿನಲ್ಲಿ ಹೊರಟು ಎದುರುಬದಿಯಲ್ಲಿ ಸಂಧಿಸುತ್ತವೆ. ಡಿಎನ್‌ಎಯ ಒಟ್ಟು ಸುಮಾರು 46 ಲಕ್ಷ ಅಕ್ಷರಜೋಡಿಗಳಲ್ಲಿ ಒಂದೊಂದು ಕವಲಿನ ಪಾಲಿಗೆ 23 ಲಕ್ಷ. ಸೆಕೆಂಡಿಗೆ ಸುಮಾರು 1,000 ಅಕ್ಷರದ ವೇಗದಲ್ಲಿ ಸಾಗಿದರೂ 38 ನಿಮಿಷ ಹಿಡಿಯುತ್ತದೆ. ನಮ್ಮ ಜೀವಕೋಶಗಳಲ್ಲಿ ಸಾವಿರಾರು ಆರಂಭಬಿಂದುಗಳಿವೆ, ಅವಸರವಾದರೆ ಹೆಚ್ಚು ಕಡೆ ಕೆಲಸ ಶುರುಮಾಡಬಹುದು. ಬ್ಯಾಕ್ಟೀರಿಯಾಕ್ಕೆ ಆ ದಾರಿ ಇಲ್ಲ. ಬದಲಿಸಬಹುದಾದದ್ದು ಒಂದೇ: ಯಾವಾಗ ಶುರುಮಾಡುವುದು ಎಂಬುದು.

ಇದು ಅರ್ಥವಾಗಲು ಹತ್ತು ವರ್ಷ ಹಿಡಿಯಿತು. 1958ರಲ್ಲಿ ಕೋಪನ್‌ಹೇಗನ್‌ನಲ್ಲಿ ಶೆಕ್ಟರ್, ಮೋಲೊ, ಕೆಲ್ಗಾರ್ಡ್ ಎಂಬ ಮೂವರು ಸಾಲ್ಮೊನೆಲ್ಲಾವನ್ನು ಬೇರೆಬೇರೆ ದ್ರಾವಣಗಳಲ್ಲಿ ಬೆಳೆಸಿ ಅಳೆದರು. ವೇಗವಾಗಿ ಬೆಳೆಯುವ ಕೋಶಗಳು ದೊಡ್ಡವಾಗಿದ್ದವು, ಒಂದೊಂದರಲ್ಲೂ ಡಿಎನ್‌ಎ ಹೆಚ್ಚಿತ್ತು. 1964ರಲ್ಲಿ ಯೊಶಿಕಾವಾ, ಓಸಲಿವನ್, ಸುಯೊಕಾ ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ ಜೀನುಗಳ ಪ್ರತಿಗಳನ್ನು ಲೆಕ್ಕ ಹಾಕಿದರು. ಆರಂಭಬಿಂದುವಿನ ಹತ್ತಿರದ ಜೀನುಗಳು ಕೊನೆಯವುಗಳಿಗಿಂತ ಎರಡು ಪಟ್ಟಿಗೂ ಮೀರಿ ಇದ್ದವು. ಒಂದೇ ಸುತ್ತಿನ ನಕಲು ನಡೆಯುತ್ತಿದ್ದರೆ ಎರಡು ಪಟ್ಟು ದಾಟುವಂತಿಲ್ಲ. ಅಂದರೆ ಮೊದಲ ಸುತ್ತು ಮುಗಿಯುವ ಮೊದಲೇ ಅದರ ಹಿಂದೆ ಇನ್ನೊಂದು ಸುತ್ತು ಹೊರಟಿತ್ತು.

ಇಡೀ ಕಥೆಯಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವುದು 1968ರ ಪ್ರಯೋಗ. ಅದನ್ನು ಮಾಡಿದವರು ಅಮೆರಿಕದ ಬಫಲೋದ ಚಾರ್ಲ್ಸ್ ಹೆಲ್ಮ್‌ಸ್ಟೆಟರ್ ಮತ್ತು ಸ್ಟೀಫನ್ ಕೂಪರ್. ಅವರ ಉಪಕರಣಕ್ಕೆ ‘ಬೇಬಿ ಮಷಿನ್’ ಎಂದೇ ಹೆಸರು. ಬೆಳೆಯುತ್ತಿರುವ ಬ್ಯಾಕ್ಟೀರಿಯಾಗಳಿಗೆ ಸ್ವಲ್ಪ ಹೊತ್ತು ಡಿಎನ್‌ಎ ಕಟ್ಟಲು ಬೇಕಾಗುವ ಥೈಮಿಡಿನ್ ಎಂಬ ವಸ್ತುವನ್ನು ವಿಕಿರಣಶೀಲ ರೂಪದಲ್ಲಿ ಕೊಡುತ್ತಾರೆ. ಆ ಗಳಿಗೆಯಲ್ಲಿ ಯಾವ ಕೋಶದಲ್ಲಿ ಎಷ್ಟು ಕವಲುಗಳು ಓಡುತ್ತಿವೆಯೋ ಅಷ್ಟು ಗುರುತು ಅದರ ಡಿಎನ್‌ಎಗೆ ಅಂಟುತ್ತದೆ. ಆಮೇಲೆ ಕೋಶಗಳನ್ನು ತೆಳುವಾದ ಪೊರೆಯೊಂದಕ್ಕೆ ಅಂಟಿಸಿ, ಪೊರೆಯನ್ನು ತಲೆಕೆಳಗು ಮಾಡಿ, ಮೇಲಿನಿಂದ ಬೆಚ್ಚಗಿನ ದ್ರಾವಣ ಹರಿಸುತ್ತಾರೆ. ತಾಯಿ ಅಂಟಿಕೊಂಡೇ ಇರುತ್ತದೆ. ಒಡೆದಾಗ ಹೊರಗಿನ ಮರಿ ಮಾತ್ರ ಕಳಚಿ ಹರಿವಿನೊಂದಿಗೆ ಕೆಳಗೆ ಬೀಳುತ್ತದೆ.

ಮೊದಲು ಬೀಳುವ ಮರಿಗಳು ಗುರುತು ಹಾಕಿದಾಗ ಒಡೆಯುವ ಹಂತಕ್ಕೆ ಬಂದಿದ್ದ ಕೋಶಗಳವು. ತಡವಾಗಿ ಬೀಳುವವು ಆಗಷ್ಟೇ ಹುಟ್ಟಿದ್ದ ಕೋಶಗಳವು. ಹಾಗಾಗಿ ಬಿದ್ದ ಮರಿಗಳ ವಿಕಿರಣವನ್ನು ಸಾಲಾಗಿ ಅಳೆದರೆ ಕೋಶದ ಬದುಕು ಕೊನೆಯಿಂದ ಮೊದಲಿಗೆ ತೆರೆದುಕೊಳ್ಳುತ್ತದೆ. ವಿಕಿರಣ ಥಟ್ಟನೆ ಬದಲಾಗುವ ಕಡೆ ಒಂದು ಸುತ್ತು ಶುರುವಾಗಿದೆ ಅಥವಾ ಮುಗಿದಿದೆ. ಕೋಶಗಳಿಗೆ ಔಷಧ ಹಾಕಿಲ್ಲ, ಹಸಿವೆಗೆ ಕೆಡವಿಲ್ಲ. ಅವುಗಳ ಪಾಡಿಗೆ ಬೆಳೆಯಲು ಬಿಟ್ಟು ಪಡೆದ ಲೆಕ್ಕವಾದ್ದರಿಂದಲೇ ಅದು ಇಂದಿಗೂ ನಿಂತಿದೆ ಎಂದು ನನ್ನ ನಂಬಿಕೆ.

ಸಿಕ್ಕ ಉತ್ತರ ಸರಳವಾಗಿತ್ತು. ಇಮ್ಮಡಿಯಾಗಲು 20 ನಿಮಿಷವೇ ಹಿಡಿಯಲಿ, 60 ನಿಮಿಷವೇ ಹಿಡಿಯಲಿ, ನಕಲಿಗೆ ಸುಮಾರು 40, ಆಮೇಲಿನ ತಯಾರಿಗೆ ಸುಮಾರು 20 ನಿಮಿಷ ಎಂಬುದು ಹೆಚ್ಚುಕಡಿಮೆ ಬದಲಾಗಲಿಲ್ಲ. ಇದಕ್ಕಿಂತ ನಿಧಾನವಾಗಿ ಬೆಳೆಯುವಾಗ ಮಾತ್ರ ಎರಡೂ ಅವಧಿಗಳು ಹಿಗ್ಗುತ್ತವೆ.

ಈ ಅಂಕಿಗಳನ್ನು ಹಿಡಿದು 20 ನಿಮಿಷದ ಕೋಶವೊಂದನ್ನು ಹಿಂಬಾಲಿಸೋಣ. ಅದು ಹುಟ್ಟಿದ ಗಳಿಗೆ ಸೊನ್ನೆ. ಆಗಲೇ ಅದರಲ್ಲಿ ಒಂದು ಹೊಸ ಸುತ್ತು ಶುರುವಾಗುತ್ತದೆ. 20ನೇ ನಿಮಿಷಕ್ಕೆ ಕೋಶ ಒಡೆಯುವಾಗ ಆ ಸುತ್ತು ಅರ್ಧದಾರಿಯಲ್ಲಿದೆ. ಅರ್ಧ ನಕಲಾದ ಕ್ರೋಮೋಸೋಮ್ ಮಗಳಿಗೆ ಹೋಗುತ್ತದೆ, ಅಲ್ಲಿ ಕವಲುಗಳು ನಿಲ್ಲದೆ ಓಡುತ್ತಿರುತ್ತವೆ. 40ನೇ ನಿಮಿಷಕ್ಕೆ ಮಗಳು ಒಡೆದು ಮೊಮ್ಮಗಳು ಹುಟ್ಟುವ ಹೊತ್ತಿಗೆ ನಕಲು ಮುಗಿಯುತ್ತದೆ. ಎರಡು ಪ್ರತಿಗಳು ಬೇರೆಬೇರೆ ಕೋಶ ಸೇರುವುದು 60ನೇ ನಿಮಿಷಕ್ಕೆ, ಮೊಮ್ಮಗಳು ಒಡೆದಾಗ. ಅಜ್ಜಿ ಶುರುಮಾಡಿದ್ದು ಮೊಮ್ಮಗಳ ಕಾಲಕ್ಕೆ ಪಾಲಾಗುತ್ತದೆ. ಒಂದು ಸುತ್ತಿಗೆ ಒಂದು ಗಂಟೆ ಬೇಕೇಬೇಕು, ಆದರೆ 20 ನಿಮಿಷಕ್ಕೊಂದು ಸುತ್ತು ಹೊರಡುವುದರಿಂದ 20 ನಿಮಿಷಕ್ಕೊಂದು ಮುಗಿಯುತ್ತಲೂ ಇರುತ್ತದೆ.

ಇಂಥ ಕೋಶ ಹುಟ್ಟುವಾಗ ಒಳಗೆ ಎರಡು ಕ್ರೋಮೋಸೋಮ್‌ಗಳು, ಎರಡೂ ಅರ್ಧ ನಕಲಾದಂಥವು, ಒಟ್ಟು ನಾಲ್ಕು ಆರಂಭಬಿಂದುಗಳು. ನಾಲ್ಕೂ ಒಟ್ಟಿಗೆ ಹೊಸ ಸುತ್ತು ಹೊರಡಿಸಿದಾಗ ಅವು ಎಂಟಾಗುತ್ತವೆ. ಮಗಳಿಗೆ ಅರೆಬರೆ ಕ್ರೋಮೋಸೋಮ್ ಸಿಗುತ್ತದೆ ಎಂದು ಹಲವರು ತಿಳಿಯುವುದುಂಟು. ಸಿಗುವುದು ಪೂರ್ತಿ ಕ್ರೋಮೋಸೋಮೇ, ಅದರ ಮೇಲೆ ಮುಂದಿನ ತಲೆಮಾರಿನ ಕೆಲಸವೂ ಅರ್ಧ ಆಗಿರುತ್ತದೆ. ಕೋಶದ ಬದುಕನ್ನು ‘ಹುಟ್ಟು, ನಕಲು, ವಿಭಜನೆ’ ಎಂಬ ಒಂದೇ ವೃತ್ತವಾಗಿ ಬರೆದು ತೋರಿಸುವ ಅಭ್ಯಾಸವೇ ಈ ಗೊಂದಲದ ಬೇರು. ನಮ್ಮ ಕೋಶಗಳಿಗೆ ಆ ಚಿತ್ರ ಒಪ್ಪುತ್ತದೆ, ಇಲ್ಲಿ ಒಪ್ಪುವುದಿಲ್ಲ.

ಹೊಸ ಸುತ್ತಿಗೆ ಅಪ್ಪಣೆ ಯಾವಾಗ? ಅದೇ 1968ರಲ್ಲಿ ವಿಲಿಯಂ ಡೊನಾಚಿ, ಕೋಪನ್‌ಹೇಗನ್ನಿನ ಅಳತೆಗಳನ್ನೂ ಬಫಲೋದ ಅಂಕಿಗಳನ್ನೂ ಕೂಡಿಸಿ ಲೆಕ್ಕ ಹಾಕಿದರು. ಕೋಶದ ಒಟ್ಟು ರಾಶಿಯನ್ನು ಆರಂಭಬಿಂದುಗಳ ಸಂಖ್ಯೆಯಿಂದ ಭಾಗಿಸಿದರೆ, ನಕಲು ಹೊರಡುವ ಗಳಿಗೆಯಲ್ಲಿ ಬರುವ ಮೊತ್ತ ಎಲ್ಲ ವೇಗಗಳಲ್ಲೂ ಹೆಚ್ಚುಕಡಿಮೆ ಒಂದೇ. ಅಂದರೆ ಕೋಶ ಹಿಂದಿನ ಸುತ್ತು ಮುಗಿಯಿತೇ ಎಂದು ನೋಡುವುದಿಲ್ಲ, ಒಂದೊಂದು ಆರಂಭಬಿಂದುವಿನ ಪಾಲಿಗೆ ಸಾಕಷ್ಟು ಬೆಳೆದೆನೇ ಎಂದು ನೋಡುತ್ತದೆ. ಡಿಎನ್‌ಎ-ಎ ಎಂಬ ಪ್ರೋಟೀನ್ ಆರಂಭಬಿಂದುವನ್ನು ಬಿಚ್ಚುತ್ತದೆ. ಬಿಚ್ಚಿದ ಕೂಡಲೇ ಮತ್ತೆ ಬಿಚ್ಚದಂತೆ ಸೆಕ್-ಎ ಎಂಬ ಇನ್ನೊಂದು ಪ್ರೋಟೀನ್ ಹೊಸ ಆರಂಭಬಿಂದುವನ್ನು ಸ್ವಲ್ಪ ಹೊತ್ತು ಮುಚ್ಚಿಡುತ್ತದೆ. ಹಳೆಯ ಎಳೆಯ ಮೇಲೆ ಮೀಥೈಲ್ ಎಂಬ ರಾಸಾಯನಿಕ ಗುರುತು ಇದ್ದು ಹೊಸ ಎಳೆಯ ಮೇಲೆ ಇನ್ನೂ ಬಿದ್ದಿಲ್ಲವೆಂಬುದೇ ಅದಕ್ಕೆ ಸುಳಿವು.

ಈ ಕಾವಲು ತಪ್ಪಿದರೆ ಏನಾಗುತ್ತದೆ ಎಂಬುದನ್ನೂ ಎಣಿಸಿ ನೋಡಬಹುದು. ರಿಫಾಂಪಿಸಿನ್ ಹಾಕಿದರೆ ಹೊಸ ಸುತ್ತು ಹೊರಡುವುದು ನಿಲ್ಲುತ್ತದೆ, ಸೆಫಲೆಕ್ಸಿನ್ ಹಾಕಿದರೆ ವಿಭಜನೆ ನಿಲ್ಲುತ್ತದೆ. ಆಗಲೇ ಹೊರಟ ಕವಲುಗಳು ಮಾತ್ರ ಗುರಿ ಮುಟ್ಟುತ್ತವೆ. ಆಮೇಲೆ ಪ್ರತಿ ಕೋಶದ ಡಿಎನ್‌ಎ ಅಳೆದರೆ ಔಷಧ ಬಿದ್ದಾಗ ಅಲ್ಲಿ ಎಷ್ಟು ಆರಂಭಬಿಂದುಗಳಿದ್ದವೋ ಅಷ್ಟೇ ಪೂರ್ತಿ ಕ್ರೋಮೋಸೋಮ್‌ಗಳು ಸಿಗುತ್ತವೆ. 1986ರಲ್ಲಿ ಸ್ಕಾರ್‌ಸ್ಟಾಡ್, ಬೊಯೆ, ಸ್ಟೀನ್ ಹೊಸ ಸುತ್ತು ಹೊರಡದಂತೆ ತಡೆದು ಅಳೆದಾಗ ಬಂದವು ಬಹುತೇಕ 2, 4, 8ರ ಗುಂಪುಗಳು: ಒಂದೇ ಕೋಶದ ಆರಂಭಬಿಂದುಗಳೆಲ್ಲ ಒಟ್ಟಿಗೇ ಹೊರಟಿದ್ದವು. ಸೆಕ್-ಎ ಇಲ್ಲದ ಕೋಶಗಳಲ್ಲಿ 3, 5, 6, 7 ಕೂಡ ಕಾಣಿಸಿಕೊಳ್ಳುತ್ತವೆ. ಅಲ್ಲಿ ಕೆಲವು ಆರಂಭಬಿಂದುಗಳು ಒಮ್ಮೆ, ಕೆಲವು ಎರಡು ಸಲ ಹೊರಟಿರುತ್ತವೆ. ಸುತ್ತುಗಳು ತೀರಾ ಹತ್ತಿರ ಹತ್ತಿರ ಹೊರಟರೆ ಹಿಂದಿನ ಕವಲು ಮುಂದಿನದಕ್ಕೆ ಡಿಕ್ಕಿ ಹೊಡೆದು ಡಿಎನ್‌ಎ ತುಂಡಾಗುತ್ತದೆ.