ಸಿಗ್ನಲ್ ಫುಲ್ ಇದ್ದರೂ ಸ್ಪೀಡ್ ಯಾಕಿಲ್ಲ: RSRP ಬೇರೆ, SINR ಬೇರೆ

‘ರೂಟರ್‌ಗೆ ಸಿಮ್ ಹಾಕಿದೀನಿ, ಸಿಗ್ನಲ್ ಫುಲ್ ತೋರಿಸ್ತಿದೆ, ಆದ್ರೆ ಸ್ಪೀಡೇ ಇಲ್ಲ.’ ಈ ದೂರಿಗೆ ಪ್ರತಿ ಸಲ ಸಿಗುವ ಸಲಹೆ ಒಂದೇ: ದೊಡ್ಡ ಆಂಟೆನಾ ತಂದು ತಾರಸಿ ಮೇಲೆ ಹಾಕಿ, ಸಿಗ್ನಲ್ ಜಾಸ್ತಿ ಆಗುತ್ತೆ. ಸಿಗ್ನಲ್ ಆಗಲೇ ಫುಲ್ ಇದೆ ಅಂದಮೇಲೆ ಅದನ್ನು ಇನ್ನಷ್ಟು ಜಾಸ್ತಿ ಮಾಡಿ ಆಗಬೇಕಾದ್ದೇನು? ಕೇಳಿದವರು, ಹೇಳಿದವರು ಇಬ್ಬರೂ ‘ಸಿಗ್ನಲ್’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಅಳತೆಗಳನ್ನು ಕಲಸಿಬಿಟ್ಟಿದ್ದಾರೆ. ಟವರ್‌ನಿಂದ ಬಂದ ತರಂಗ ಎಷ್ಟು ಜೋರಾಗಿದೆ ಅನ್ನುವುದು ಒಂದು. ಅದು ಉಳಿದ ಗದ್ದಲದಿಂದ ಎಷ್ಟು ಬಿಡಿಸಿಕೊಂಡು ಕೇಳುತ್ತದೆ ಅನ್ನುವುದು ಇನ್ನೊಂದು. ರೂಟರ್ ಮೇಲಿನ ಕಡ್ಡಿಗಳು ಹೆಚ್ಚಾಗಿ ತೋರಿಸುವುದು ಮೊದಲನೆಯದನ್ನು, ಸ್ಪೀಡ್ ನಿಂತಿರುವುದು ಎರಡನೆಯದರ ಮೇಲೆ.

ರೂಟರ್‌ನ ಅಡ್ಮಿನ್ ಪುಟ ತೆರೆದರೆ (ಹೆಚ್ಚಿನವುಗಳಲ್ಲಿ `192.168.1.1` ಅಥವಾ `192.168.0.1`) ಎರಡೂ ಅಂಕಿಗಳು ಸಿಗುತ್ತವೆ. ಜೋರಿನ ಅಳತೆ RSRP, ಅಂದರೆ ರೆಫರೆನ್ಸ್ ಸಿಗ್ನಲ್ ರಿಸೀವ್ಡ್ ಪವರ್. ಇದು ಡಿಬಿಎಂನಲ್ಲಿ, ಯಾವಾಗಲೂ ಮೈನಸ್‌ನಲ್ಲಿ ಇರುತ್ತದೆ. -85 ಎಂಬುದು -105ಕ್ಕಿಂತ ಜೋರು, ಅದೂ ನೂರು ಪಟ್ಟು, ಏಕೆಂದರೆ ಪ್ರತಿ 10 ಡಿಬಿಗೆ ಹತ್ತು ಪಟ್ಟು ವ್ಯತ್ಯಾಸ. ಬಿಡಿಸಿಕೊಂಡು ಕೇಳುವುದರ ಅಳತೆ SINR. ನಮಗೆ ಬೇಕಾದ ಸಿಗ್ನಲ್ಲು, ಬೇರೆ ಟವರ್‌ಗಳ ಅಡಚಣೆ ಮತ್ತು ರೂಟರ್‌ನ ಸ್ವಂತ ಗದ್ದಲ ಎರಡೂ ಸೇರಿದ್ದಕ್ಕಿಂತ ಎಷ್ಟು ಮೇಲಿದೆ ಎಂದು ಅದು ಹೇಳುತ್ತದೆ. 20 ಡಿಬಿ ದಾಟಿದರೆ ತುಂಬಾ ಚೆನ್ನಾಗಿದೆ, 13ರ ಆಸುಪಾಸು ಪರವಾಗಿಲ್ಲ, 5ಕ್ಕಿಂತ ಕಡಿಮೆಯಾದರೆ ಕುಂಟುತ್ತದೆ, ಸೊನ್ನೆಗಿಂತ ಕೆಳಗಿಳಿದರೆ ಸಂಪರ್ಕ ಉಳಿದರೂ ಕೆಲಸಕ್ಕೆ ಬರುವುದಿಲ್ಲ.

ಜಾತ್ರೆಯಲ್ಲಿ ಪಕ್ಕದವರು ಎಷ್ಟೇ ಕೂಗಿ ಹೇಳಿದರೂ ಸುತ್ತ ನಾಲ್ಕು ಮೈಕು ಒದರುತ್ತಿದ್ದರೆ ಮಾತು ತಿಳಿಯದು. ಖಾಲಿ ದೇವಸ್ಥಾನದಲ್ಲಿ ಪಿಸುಮಾತೂ ತಿಳಿಯುತ್ತದೆ. ಟವರ್ ಕೂಡ ಇದನ್ನು ನೋಡಿಕೊಂಡೇ ಮಾತಾಡುತ್ತದೆ. ‘ನನಗೆ ಇಷ್ಟು ಸ್ಪಷ್ಟವಾಗಿ ಕೇಳುತ್ತಿದೆ’ ಎಂದು ರೂಟರ್ ಕ್ಷಣಕ್ಷಣಕ್ಕೂ ವರದಿ ಕಳಿಸುತ್ತದೆ. ವರದಿ ಚೆನ್ನಾಗಿದ್ದರೆ ಟವರ್ ಒಂದು ಸಂಕೇತದಲ್ಲಿ 6 ಅಥವಾ 8 ಬಿಟ್ ತುಂಬಿಸುತ್ತದೆ. ಕೆಟ್ಟಿದ್ದರೆ 2 ಬಿಟ್‌ಗೆ ಇಳಿಯುತ್ತದೆ, ಅದರಲ್ಲೂ ಅರ್ಧಕ್ಕರ್ಧ ತಪ್ಪು ತಿದ್ದುವ ಬಿಟ್‌ಗಳೇ ಇರುತ್ತವೆ. ಕಡ್ಡಿ ಐದೂ ಇದ್ದು ಸ್ಪೀಡ್ ಇಲ್ಲದಿರುವುದು ಹೀಗೆ.

ಇನ್ನೊಂದು ಗೊಂದಲ RSSI ತಂದಿಡುವಂಥದು. ಕೆಲವು ರೂಟರ್‌ಗಳು ‘ಸಿಗ್ನಲ್ ಸ್ಟ್ರೆಂತ್’ ಎಂದು ತೋರಿಸುವುದು ಇದನ್ನೇ. RSSI ಅಂದರೆ ಆ ಚಾನೆಲ್‌ನ ಪೂರ್ತಿ ಅಗಲದಲ್ಲಿ ಬಂದ ಎಲ್ಲದರ ಮೊತ್ತ: ನಮ್ಮ ಟವರ್, ಪಕ್ಕದ ಟವರ್, ಗದ್ದಲ ಎಲ್ಲವೂ. RSRP ಅದರೊಳಗಿನ ಒಂದು ಸಣ್ಣ ಎಳೆಯ ಅಳತೆ ಮಾತ್ರ. 20 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ ಅಂಥ 1,200 ಎಳೆಗಳಿರುವುದರಿಂದ ಟವರ್ ತುಂಬಿರುವಾಗ ಎರಡಕ್ಕೂ ಸುಮಾರು 30 ಡಿಬಿ ವ್ಯತ್ಯಾಸ ಬರುತ್ತದೆ. ಒಬ್ಬರು ‘ನನಗೆ -65’ ಎಂದು ಬೀಗುವುದು, ಇನ್ನೊಬ್ಬರು ‘ನನಗೆ -95 ಅಷ್ಟೇ’ ಎಂದು ಕೊರಗುವುದು ಒಂದೇ ಸಿಗ್ನಲ್ ಬಗ್ಗೆ ಇರಬಹುದು. ಅಡಚಣೆ ಹೆಚ್ಚಾದಷ್ಟೂ RSSI ‘ಚೆನ್ನಾಗಿ’ ಕಾಣುತ್ತದೆ. ಅದನ್ನು ನೋಡಿಕೊಂಡು ಆಂಟೆನಾ ಕೂರಿಸಬೇಡಿ.

ಹಾಗಾದರೆ ಆಂಟೆನಾದಿಂದ ಉಪಯೋಗವೇ ಇಲ್ಲವೇ? ಇದೆ, ಆದರೆ ಎಲ್ಲಿ ಅನ್ನುವುದಕ್ಕೆ ಒಂದು ಲೆಕ್ಕವಿದೆ. ರೂಟರ್‌ನ ಒಳಗಿನ ಗದ್ದಲ RSRP ಅಳತೆಯಲ್ಲಿ ಹೇಳುವುದಾದರೆ ಸುಮಾರು -125 ಡಿಬಿಎಂ. ಬೇರೆ ಅಡಚಣೆ ಇಲ್ಲದಿದ್ದರೆ -105 ಇರುವ ಕಡೆಯೂ SINR 20ರ ಹತ್ತಿರ ಹೋಗಬಹುದು. ಕಡ್ಡಿ ಎರಡೇ ಇದ್ದರೂ ಸ್ಪೀಡ್ ಹರಿಯುವ ಹಳ್ಳಿಮನೆಗಳ ಗುಟ್ಟು ಇಷ್ಟೇ. RSRP -115ರ ಕೆಳಗೆ ಇದ್ದಾಗ ಮಾತ್ರ ನಮ್ಮ ಶತ್ರು ರೂಟರ್‌ನ ಸ್ವಂತ ಗದ್ದಲ. ಅಲ್ಲಿ ಹೊರಗಿನ ಆಂಟೆನಾ 8 ಡಿಬಿ ಕೊಟ್ಟರೆ SINR ಕೂಡ ಹೆಚ್ಚುಕಡಿಮೆ 8 ಏರುತ್ತದೆ. RSRP -85 ಇದ್ದೂ SINR 4 ಇದ್ದರೆ ಶತ್ರು ಬೇರೆ ಟವರ್. ಸುತ್ತಲೂ ಕೇಳುವ ಆಂಟೆನಾ ಹಾಕಿದರೆ ಆ ಟವರ್ ಕೂಡ 8 ಡಿಬಿ ಏರಿ SINR ಇದ್ದಲ್ಲೇ ಇರುತ್ತದೆ. ಅಂಗಡಿಯಲ್ಲಿ ‘ಬೂಸ್ಟರ್’ ಎಂದು ಮಾರುವ ರಿಪೀಟರ್‌ಗೂ ಇದೇ ಗತಿ: ಅದು ಸಿಗ್ನಲ್ಲನ್ನೂ ಅಡಚಣೆಯನ್ನೂ ಒಟ್ಟಿಗೇ ಹಿಗ್ಗಿಸುತ್ತದೆ. ಅನುಮತಿ ಇಲ್ಲದೆ ಅದನ್ನು ಹಾಕುವುದು ಭಾರತದಲ್ಲಿ ಕಾನೂನುಬಾಹಿರ, ಅಕ್ಕಪಕ್ಕದವರ ನೆಟ್‌ವರ್ಕನ್ನೂ ಅದು ಕೆಡಿಸುತ್ತದೆ.

ಈ ಕಾರಣಕ್ಕೇ ‘ಎತ್ತರಕ್ಕೆ ಇಟ್ಟಷ್ಟೂ ಒಳ್ಳೆಯದು’ ಎಂಬ ಮಾತು ಅರ್ಧ ಸತ್ಯ. ಮಲೆನಾಡಿನ ತಗ್ಗಿನ ಮನೆಗೆ ಅದು ನಿಜ, ಏಕೆಂದರೆ ಎತ್ತರ ಗುಡ್ಡದ ಅಂಚನ್ನು, ಒದ್ದೆ ಅಡಿಕೆ ಸೋಗೆಗಳನ್ನು ದಾಟಿಸುತ್ತದೆ. ಬೆಂಗಳೂರಿನ ಹನ್ನೆರಡನೇ ಮಹಡಿಯ ಬಾಲ್ಕನಿಗೆ ಅದೇ ಮಾತು ತಿರುಗುಬಾಣ: ಅಲ್ಲಿಂದ ಹತ್ತಾರು ಟವರ್ ನೇರ ಕಾಣುತ್ತವೆ, ಎಲ್ಲವೂ ಅದೇ ಫ್ರೀಕ್ವೆನ್ಸಿಯಲ್ಲಿ ಒದರುತ್ತವೆ. ಇಂಥ ಮನೆಯಲ್ಲಿ ರೂಟರನ್ನು ಒಂದೇ ದಿಕ್ಕಿನ ಕಿಟಕಿಯ ಬಳಿ, ಒಂದಿಷ್ಟು ಒಳಗೆ ಸರಿಸಿ, ಬೇಡದ ಟವರ್ ಕಡೆಗೆ ಕಾಂಕ್ರೀಟ್ ಗೋಡೆ ಅಡ್ಡ ಬರುವಂತೆ ಇಟ್ಟು ನೋಡಿ. RSRP ಐದಾರು ಡಿಬಿ ಇಳಿದು SINR ಏರಬಹುದು. ಕಡ್ಡಿ ಕಡಿಮೆಯಾಯಿತೆಂದು ಗಾಬರಿ ಬಿದ್ದು ವಾಪಸ್ ಇಡುವವರೇ ಹೆಚ್ಚು.

ಬ್ಯಾಂಡ್ ಸೆಟ್ಟಿಂಗ್‌ಗೂ ಇದೇ ತರ್ಕ. ಬ್ಯಾಂಡ್ 5, ಅಂದರೆ 850 ಮೆಗಾಹರ್ಟ್ಸ್, ಗೋಡೆ ತೂರಿ ಒಳಗೆ ಬರುತ್ತದೆ, ಕಡ್ಡಿ ತುಂಬಿಸುತ್ತದೆ. ಆದರೆ ಅದರ ಚಾನೆಲ್ ಕಿರಿದು, ಒಳಕೋಣೆಗಳಲ್ಲಿ ಕೂತ ಎಲ್ಲರ ಫೋನೂ ಅದನ್ನೇ ಹಿಡಿದಿರುತ್ತದೆ. ಬ್ಯಾಂಡ್ 3 (1800) ಮತ್ತು ಬ್ಯಾಂಡ್ 40 (2300) ಗೋಡೆಗೆ ಸೋಲುತ್ತವೆ, ಅಗಲ ಮಾತ್ರ ಜಾಸ್ತಿ. ಒಂದು ಮನೆಯ ಲೆಕ್ಕ ಹಾಕೋಣ. ಅಡುಗೆಮನೆಯ ಕಪಾಟಿನ ಮೇಲೆ ಬ್ಯಾಂಡ್ 5, ಅಗಲ 5 ಮೆಗಾಹರ್ಟ್ಸ್, RSRP -84, SINR 4. ಪೂರ್ವದ ಕಿಟಕಿಯಲ್ಲಿ ಬ್ಯಾಂಡ್ 3, ಅಗಲ 10 ಮೆಗಾಹರ್ಟ್ಸ್, RSRP -97, SINR 17. ಒಂದು ಹರ್ಟ್ಸ್‌ಗೆ SINR 4ರಲ್ಲಿ ಸುಮಾರು 1.2 ಬಿಟ್, 17ರಲ್ಲಿ ಸುಮಾರು 3.9 ಬಿಟ್ ಸಾಗಿಸಬಹುದು. ಗುಣಿಸಿದರೆ 6 ಮತ್ತು 39; ನೆಟ್‌ವರ್ಕಿನ ಸ್ವಂತ ಖರ್ಚಿಗೆ ಕಾಲುಭಾಗ ಬಿಟ್ಟರೆ ನಾಲ್ಕೂವರೆ ಎಲ್ಲಿ, ಮೂವತ್ತರ ಹತ್ತಿರದ ಎಂಬಿಪಿಎಸ್ ಎಲ್ಲಿ! ಇಪ್ಪತ್ತು ಪಟ್ಟು ‘ದುರ್ಬಲ’ವಾದ ಸಿಗ್ನಲ್ ಆರು ಪಟ್ಟಿಗಿಂತ ಹೆಚ್ಚು ಸ್ಪೀಡ್ ಕೊಟ್ಟಿತು. ಆದ್ದರಿಂದ ರೂಟರ್‌ನಲ್ಲಿ ನೆಟ್‌ವರ್ಕ್ ಮೋಡ್ `4G Only` ಮಾಡಿ, ಬ್ಯಾಂಡ್ ಆಯ್ಕೆ ಇದ್ದರೆ ಒಂದೊಂದನ್ನೇ ಹಾಕಿ SINR ಬರೆದುಕೊಳ್ಳಿ. ಒಂದೇ ಬ್ಯಾಂಡ್‌ಗೆ ಕಟ್ಟಿಹಾಕಿದರೆ ಆ ಬ್ಯಾಂಡ್ ನಿಂತ ದಿನ ಇಂಟರ್‌ನೆಟ್ಟೂ ನಿಲ್ಲುತ್ತದೆ ಎಂಬುದು ನೆನಪಿರಲಿ.

ಉಳಿದ ಸೆಟ್ಟಿಂಗ್‌ಗಳಿಂದ ಸ್ಪೀಡ್ ಏರುವುದಿಲ್ಲ, ಸಂಪರ್ಕ ಸಿಗುತ್ತದೆ ಅಷ್ಟೇ. ಎಪಿಎನ್ ಜಿಯೋಗೆ `jionet`, ಏರ್‌ಟೆಲ್‌ಗೆ `airtelgprs.com`, ಬಿಎಸ್‌ಎನ್‌ಎಲ್‌ಗೆ `bsnlnet`. ಪಿಡಿಪಿ ಟೈಪ್ `IPv4/IPv6`. ‘ಸ್ಪೀಡ್ ಹೆಚ್ಚಿಸುವ ಎಪಿಎನ್’ ಎಂದು ಹಂಚಿಕೊಳ್ಳುವ ಪಟ್ಟಿಗಳು ಸುಳ್ಳು. ಆಂಟೆನಾ ಆಯ್ಕೆಯಲ್ಲಿ `Internal` ಉಳಿದಿದ್ದರೆ ಹೊರಗಿನ ಆಂಟೆನಾ ಸಿಕ್ಕಿಸಿಯೂ ದಂಡ, ಅದನ್ನು `External` ಮಾಡಿ.

ಹೊರಗಿನ ಆಂಟೆನಾ ಬೇಕೆಂದೇ ತೀರ್ಮಾನವಾದರೆ ಹಣ ಹಾಳಾಗುವುದು ಹೆಚ್ಚಾಗಿ ಕೇಬಲ್‌ನಲ್ಲಿ. ತೆಳುವಾದ ಆರ್‌ಜಿ58 ಕೇಬಲ್ 2300 ಮೆಗಾಹರ್ಟ್ಸ್‌ನಲ್ಲಿ ಮೀಟರಿಗೆ ಸುಮಾರು 1 ಡಿಬಿ ನುಂಗುತ್ತದೆ. 10 ಮೀಟರ್ ಎಳೆದರೆ 9 ಡಿಬಿ ಆಂಟೆನಾದ ಲಾಭವೆಲ್ಲ ಅಲ್ಲೇ ಮುಗಿಯಿತು. ದಪ್ಪನೆಯ ಎಲ್‌ಎಂಆರ್-400 ಅಷ್ಟೇ ಉದ್ದಕ್ಕೆ ಸುಮಾರು 2 ಡಿಬಿ ತೆಗೆದುಕೊಳ್ಳುತ್ತದೆ. ಅದಕ್ಕಿಂತ ಒಳ್ಳೆಯ ದಾರಿ ಎಂದರೆ ಸಿಮ್ ರೂಟರನ್ನೇ ಆಂಟೆನಾ ಪಕ್ಕ ಮಳೆ ತಾಗದ ಪೆಟ್ಟಿಗೆಯಲ್ಲಿಟ್ಟು, ಲ್ಯಾನ್ ಕೇಬಲ್ ಕೆಳಗೆ ಇಳಿಸುವುದು. ಅದು 100 ಮೀಟರ್‌ವರೆಗೂ ನಷ್ಟವಿಲ್ಲದೆ ಬರುತ್ತದೆ. ಪೆಟ್ಟಿಗೆ ತಗಡಿನದಾಗಿರಬಾರದು, ಬಿಸಿಲಿಗೂ ಬೀಳಬಾರದು.

ಒಂದೇ ಯಾಗಿ ಆಂಟೆನಾ ಕೊಂಡು ಒಂದೇ ಪೋರ್ಟ್‌ಗೆ ಸಿಕ್ಕಿಸುವುದು ಇನ್ನೊಂದು ತಪ್ಪು. ಎಲ್‌ಟಿಇ, ಅಂದರೆ 4ಜಿ, ಎರಡು ಆಂಟೆನಾಗಳಿಂದ ಎರಡು ಬೇರೆ ಬೇರೆ ಪ್ರವಾಹ ಪಡೆಯುತ್ತದೆ. ಒಂದು ಕಿವಿ ಕಿವುಡಾದರೆ ಎರಡನೆಯ ಪ್ರವಾಹ ಹೋಯಿತು. ಎರಡು ಕೇಬಲ್ ಇರುವ, ಒಂದೇ ದಿಕ್ಕಿಗೆ ಕಿವಿಗೊಡುವ ಚಪ್ಪಟೆ ಪ್ಯಾನೆಲ್ ಆಂಟೆನಾ ತೆಗೆದುಕೊಳ್ಳಿ. ರೂಟರ್ ಜೊತೆ ಬಂದ ಕಡ್ಡಿ ಆಂಟೆನಾಗಳೇ ಇದ್ದರೆ ಎರಡನ್ನೂ ನೆಟ್ಟಗೆ ನಿಲ್ಲಿಸುವ ಬದಲು ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ 45 ಡಿಗ್ರಿ ವಾಲಿಸಿ. ಟವರ್‌ನ ಆಂಟೆನಾಗಳೂ ಸಾಮಾನ್ಯವಾಗಿ ಹಾಗೇ ಓರೆಯಾಗಿರುತ್ತವೆ. ವೈಫೈ ಆಂಟೆನಾ ತಿರುವಿ ಮೊಬೈಲ್ ಸಿಗ್ನಲ್ ಹುಡುಕಬೇಡಿ, ಪೋರ್ಟ್ ಬಳಿ `LTE` ಎಂದು ಬರೆದಿದೆಯೇ ನೋಡಿ.

ಪ್ಯಾನೆಲ್ ತಿರುಗಿಸುವಾಗ 15 ಡಿಗ್ರಿಗೊಮ್ಮೆ ನಿಲ್ಲಿಸಿ, ಅರ್ಧ ನಿಮಿಷ ಕಾದು SINR ಓದಿ. RSRP ಗರಿಷ್ಠವಾದ ದಿಕ್ಕಲ್ಲ, SINR ಗರಿಷ್ಠವಾದ ದಿಕ್ಕೇ ಸರಿ. ಬೇಡದ ಟವರ್ ಪ್ಯಾನೆಲ್‌ನ ಬೆನ್ನಿಗೆ ಬಂದಾಗ ಎರಡೂ ಬೇರೆಯಾಗುತ್ತವೆ. ಸೆಲ್ ಐಡಿ ಬದಲಾಯಿತೇ ಎಂದೂ ಗಮನಿಸಿ, ಬದಲಾಗಿದ್ದರೆ ನೀವು ಅಳೆಯುತ್ತಿರುವುದು ಬೇರೆ ಸೆಲ್ಲನ್ನು. ತುಂಬಿದ ನೀರಿನ ಟ್ಯಾಂಕ್ ಮತ್ತು ತಗಡಿನ ಚಾವಣಿ ದಾರಿಗೆ ಅಡ್ಡ ಇರಬಾರದು. ಮಂಗಳೂರು ಹಂಚು ಅಷ್ಟು ತೊಂದರೆ ಮಾಡದು. ಅಳೆಯುವಾಗ ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಲ್ಲಿ ಸೇರಿಸಿ, ಇಲ್ಲದಿದ್ದರೆ ವೈಫೈ ದೋಷವೂ ಆಂಟೆನಾದ ತಲೆಗೆ ಬರುತ್ತದೆ.

ಇಷ್ಟಾದ ಮೇಲೂ SINR 18 ಇದ್ದು ರಾತ್ರಿ ಎಂಟರಿಂದ ಹತ್ತರವರೆಗೆ ಸ್ಪೀಡ್ ಬೀಳುತ್ತಿದ್ದರೆ ಬೆಳಗಿನ ಜಾವ ಐದಕ್ಕೆ ಒಮ್ಮೆ ಪರೀಕ್ಷಿಸಿ. ಆಗ 35 ಎಂಬಿಪಿಎಸ್, ರಾತ್ರಿ 3 ಎಂದಾದರೆ ಟವರ್ ತುಂಬಿದೆ. RSSIಗೆ ಹೋಲಿಸಿದರೆ RSRP ಎಷ್ಟಿದೆ ಎಂದು ಹೇಳುವ ಅಂಕಿ RSRQ. RSRP ಕದಲದೆ RSRQ ಮಾತ್ರ ರಾತ್ರಿ ಮೂರ್ನಾಲ್ಕು ಡಿಬಿ ಕುಸಿಯುವುದೂ ಟವರ್ ತುಂಬಿರುವುದರದೇ ಗುರುತು. ಅದಕ್ಕೆ ಯಾವ ಆಂಟೆನಾವೂ ಮದ್ದಲ್ಲ. ಬೇರೆ ಬ್ಯಾಂಡ್, ಅದೂ ಆಗದಿದ್ದರೆ ಬೇರೆ ಕಂಪನಿಯ ಒಂದು ಪ್ರಿಪೇಯ್ಡ್ ಸಿಮ್ಮನ್ನು ಅದೇ ರೂಟರ್‌ಗೆ ಹಾಕಿ ರಾತ್ರಿ ಒಂಬತ್ತಕ್ಕೆ ನೋಡಿ. ದಿನದ ಡೇಟಾ ಮುಗಿದು ಸ್ಪೀಡ್ 64 ಕೆಬಿಪಿಎಸ್‌ಗೆ ಇಳಿದಿಲ್ಲ ಎಂಬುದನ್ನು ಅದಕ್ಕೂ ಮೊದಲು ಖಚಿತ ಮಾಡಿಕೊಳ್ಳಿ.