ಎಂಎಂಆರ್ ಹಾಕಿಸಿದ್ದರೂ ಮಗನಿಗೆ ಮಂಗನಬಾವು ಬಂದದ್ದೇಕೆ?

ಪ್ರಶ್ನೆ: ನನ್ನ ಮಗನಿಗೆ 15 ವರ್ಷ. ಶನಿವಾರ ಎಡಗೆನ್ನೆ ಊದಿಕೊಂಡಿತು, ಸೋಮವಾರ ಬಲಗೆನ್ನೆಯೂ ಊದಿತು. ಜ್ವರವಿದೆ, ಅಗಿಯುವುದಕ್ಕೆ ಆಗುತ್ತಿಲ್ಲ. ವೈದ್ಯರು ಮಂಗನಬಾವು ಎಂದಿದ್ದಾರೆ. ಚಿಕ್ಕವನಿದ್ದಾಗ ಎಂಎಂಆರ್ ಹಾಕಿಸಿದ್ದೇವೆ, ಶಾಲೆಯಲ್ಲೂ ಹಾಕಿದ್ದರು. ಹಾಗಿದ್ದರೂ ಏಕೆ ಬಂತು? ಗಂಡುಮಕ್ಕಳಿಗೆ ಈ ವಯಸ್ಸಿನಲ್ಲಿ ಬಂದರೆ ಮುಂದೆ ಮಕ್ಕಳಾಗುವುದಿಲ್ಲ ಎಂದು ಅತ್ತೆ ಹೆದರಿದ್ದಾರೆ. ನಿಜವೇ?

ಉತ್ತರ: ಮೊದಲು ಮಗನ ಲಸಿಕೆ ಕಾರ್ಡನ್ನು ಹುಡುಕಿ ತೆಗೆಯಿರಿ. ಆ ವಯಸ್ಸಿನ ಅನೇಕ ಮಕ್ಕಳ ಕಾರ್ಡಿನಲ್ಲಿ ಇರುವುದು ಇಷ್ಟು: 9 ತಿಂಗಳಿಗೆ ದಡಾರದ ಲಸಿಕೆ, 15 ತಿಂಗಳಿಗೆ ಖಾಸಗಿ ವೈದ್ಯರಲ್ಲಿ ಎಂಎಂಆರ್, ಆಮೇಲೆ 2017ರಲ್ಲಿ ಶಾಲೆಯಲ್ಲಿ ನಡೆದ ಅಭಿಯಾನದಲ್ಲಿ ಇನ್ನೊಂದು ಚುಚ್ಚುಮದ್ದು. ಮೂರು ಸಲ ಹಾಕಿಸಿದ್ದೇವೆ ಎಂದು ತಾಯಂದಿರು ಲೆಕ್ಕ ಹಾಕುವುದು ಸಹಜ. ಆದರೆ 2017ರಲ್ಲಿ ಕರ್ನಾಟಕದ ಶಾಲೆಗಳಲ್ಲಿ ಕೊಟ್ಟದ್ದು ಎಂಆರ್, ಎಂಎಂಆರ್ ಅಲ್ಲ. ಅದರಲ್ಲಿ ದಡಾರ ಮತ್ತು ರುಬೆಲ್ಲಾ ಮಾತ್ರ ಇವೆ. ಎಂಎಂಆರ್‌ನ ನಡುವಿನ ‘ಎಂ’ ಅಕ್ಷರವೇ ಮಂಗನಬಾವಿನದು. ಅದು ಎಂಆರ್‌ನಲ್ಲಿ ಇಲ್ಲ. ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಈಗ ಮಕ್ಕಳಿಗೆ ಕೊಡುತ್ತಿರುವುದೂ ಎಂಆರ್. ಆದ್ದರಿಂದ ಇಂಥ ಕಾರ್ಡಿರುವ ಹುಡುಗನಿಗೆ ಮಂಗನಬಾವಿನ ವಿರುದ್ಧ ಸಿಕ್ಕಿರುವುದು ಮೂರು ಡೋಸ್ ಅಲ್ಲ, ಒಂದೇ ಒಂದು; ಅದೂ ಹದಿಮೂರು ಹದಿನಾಲ್ಕು ವರ್ಷಗಳ ಹಿಂದೆ. ತಪ್ಪು ನಿಮ್ಮದಲ್ಲ. ಒಂದಕ್ಷರದ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾದವರು ಹೇಳಿರುವುದಿಲ್ಲ.

ಒಂದು ಡೋಸ್ ಈ ರೋಗದ ಅಪಾಯವನ್ನು ನೂರಕ್ಕೆ ಸುಮಾರು 78ರಷ್ಟು, ಎರಡು ಡೋಸ್ ಸುಮಾರು 88ರಷ್ಟು ತಗ್ಗಿಸುತ್ತವೆ. ದಡಾರದ ವಿರುದ್ಧ ಇದೇ ಲಸಿಕೆ ಕಟ್ಟುವ ಕೋಟೆ ಇದಕ್ಕಿಂತ ಬಹಳ ಗಟ್ಟಿ. ಮಂಗನಬಾವಿನ ಭಾಗದ ರಕ್ಷಣೆ ವರ್ಷ ಕಳೆದಂತೆ ಸವೆಯುತ್ತದೆ. 2006ರಲ್ಲಿ ಅಮೆರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರಿಗೆ ಮಂಗನಬಾವು ಬಂದಾಗ, ಹೆಚ್ಚು ಪೆಟ್ಟು ತಿಂದವರು ಕಾಲೇಜು ವಿದ್ಯಾರ್ಥಿಗಳು. ಅವರಲ್ಲಿ ಬಹಳ ಮಂದಿ ಎರಡೂ ಡೋಸ್ ಪಡೆದವರೇ ಆಗಿದ್ದರು. ಒಂದೇ ಕೊಠಡಿ, ಒಂದೇ ಬೆಂಚು, ಹಂಚಿಕೊಂಡು ಕುಡಿಯುವ ನೀರಿನ ಬಾಟಲಿ ಇರುವ ಕಡೆ ಸವೆದ ರಕ್ಷಣೆ ಸಾಲದೆ ಹೋಗುತ್ತದೆ. ನಿಮ್ಮ ಮಗನಿಗೆ ಸೋಂಕು ತಗುಲಿದ್ದು ಬಹುಶಃ ಎರಡೂವರೆ ವಾರದ ಹಿಂದೆ, ಯಾರಿಂದ ಎಂದು ಈಗ ನೆನಪಾಗದಷ್ಟು ಹಿಂದೆ.

ಹಾಗಾದರೆ ಹಳೆಯ ಡೋಸ್ ವ್ಯರ್ಥವಾಯಿತೇ ಎಂದರೆ, ಇಲ್ಲ. ಅತ್ತೆಯವರ ಭಯಕ್ಕೆ ಉತ್ತರವೂ ಅಲ್ಲಿಯೇ ಇದೆ. ಪ್ರಾಯಕ್ಕೆ ಬಂದ ಹುಡುಗರಲ್ಲಿ ಈ ವೈರಸ್ ವೃಷಣಕ್ಕೆ ಇಳಿದು ಬಾವು ತರಬಲ್ಲದು. ಲಸಿಕೆಯೇ ಇಲ್ಲದವರಲ್ಲಿ ನೂರರಲ್ಲಿ 20ರಿಂದ 30 ಮಂದಿಗೆ ಹಾಗಾಗುತ್ತದೆ. ಲಸಿಕೆ ಪಡೆದವರಲ್ಲಿ ಇದು ಬಹಳ ಕಡಿಮೆ, ನೂರಕ್ಕೆ ಆರರ ಆಸುಪಾಸು. ಬಂದರೂ ಸಾಮಾನ್ಯವಾಗಿ ಒಂದೇ ಕಡೆ ಬರುತ್ತದೆ. ಬಾವು ಬಂದ ವೃಷಣ ಮುಂದೆ ಸ್ವಲ್ಪ ಚಿಕ್ಕದಾಗಬಹುದು, ಆದರೆ ಇನ್ನೊಂದು ತನ್ನ ಕೆಲಸ ಮಾಡುತ್ತಿರುತ್ತದೆ. ಶಾಶ್ವತ ಬಂಜೆತನ ಅಪರೂಪ. ಅಜ್ಜಿಯ ಕಾಲದ ಮಾತು ಪೂರ್ತಿ ಸುಳ್ಳಲ್ಲ, ಆದರೆ ಬಾವು ಬಂದರೆ ಮಕ್ಕಳಾಗುವುದೇ ಇಲ್ಲ ಎಂಬುದು ನಿಜವಲ್ಲ.

ಇದರಲ್ಲಿ ನಾನು ನಿಜವಾಗಿ ಚಿಂತಿಸುವುದು ಬೇರೆಯದಕ್ಕೆ. ವೃಷಣದ ನೋವು ಕೆನ್ನೆ ಊದಿದ ದಿನವೇ ಬರುವುದಿಲ್ಲ. ಸಾಮಾನ್ಯವಾಗಿ ನಾಲ್ಕರಿಂದ ಎಂಟು ದಿನಗಳಾದ ಮೇಲೆ, ಕೆಲವೊಮ್ಮೆ ಇನ್ನೂ ತಡವಾಗಿ, ಕೆನ್ನೆ ಇಳಿದು ಮನೆಯವರು ಉಸಿರು ಬಿಟ್ಟ ಹೊತ್ತಿಗೆ ಬರುತ್ತದೆ. ಇಳಿದಿದ್ದ ಜ್ವರ ಮತ್ತೆ ಏರುತ್ತದೆ, ಚಳಿ, ವಾಕರಿಕೆ, ಒಂದು ಕಡೆ ಊತ. ಹದಿನೈದರ ಹುಡುಗ ಇದನ್ನು ಅಮ್ಮನಿಗೆ ಹೇಳುವುದಿಲ್ಲ, ನಾಚಿಕೆಯಿಂದ ಹಲ್ಲು ಕಚ್ಚಿಕೊಂಡು ಮಲಗುತ್ತಾನೆ. ಆದ್ದರಿಂದ ಅವನ ತಂದೆಯೋ ಸೋದರಮಾವನೋ ಈಗಲೇ ಅವನನ್ನು ಕೂರಿಸಿಕೊಂಡು, ಹೀಗಾಗಬಹುದು, ಆದರೆ ತಕ್ಷಣ ಹೇಳು, ರಾತ್ರಿಯಾದರೂ ಎಬ್ಬಿಸು ಎಂದು ಬಿಡಿಸಿ ಹೇಳಬೇಕು.

ರಾತ್ರಿಯಾದರೂ ಎಂದದ್ದಕ್ಕೆ ಕಾರಣವಿದೆ. ಈ ವಯಸ್ಸಿನಲ್ಲಿಯೇ ವೃಷಣ ತನ್ನ ದಾರದ ಮೇಲೆ ತಿರುಚಿಕೊಂಡು ರಕ್ತ ಹರಿಯುವುದು ನಿಂತುಹೋಗುವ ತೊಂದರೆಯೂ ಹೆಚ್ಚು. ಅದರ ನೋವು ಹಠಾತ್ತನೆ ಶುರುವಾಗುತ್ತದೆ, ವಾಂತಿ ತರುತ್ತದೆ, ಜ್ವರ ಇರಬೇಕೆಂದೇನೂ ಇಲ್ಲ. ನೋವಿರುವ ವೃಷಣ ಮೇಲಕ್ಕೆ ಎಳೆದುಕೊಂಡಂತೆ ಕಾಣಬಹುದು. ಸುಮಾರು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಅದನ್ನು ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಮಂಗನಬಾವಿನದೇ ನೋವು ಎಂದುಕೊಂಡು ಬೆಳಗಾಗಲಿ ಎಂದು ಕಾದರೆ ಕಳೆದುಕೊಳ್ಳಬೇಕಾಗುತ್ತದೆ. ಎರಡರಲ್ಲಿ ಯಾವುದು ಎಂಬುದನ್ನು ಮನೆಯಲ್ಲಿ ತೀರ್ಮಾನಿಸಲು ಆಗದು. ವೈದ್ಯರು ಕೈಯಿಂದ ಮುಟ್ಟಿ ನೋಡಿ, ಅನುಮಾನವಿದ್ದರೆ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ ಹೇಳುತ್ತಾರೆ. ಮಂಗನಬಾವಿನದೇ ಎಂದು ಖಚಿತವಾದರೆ ವಿಶ್ರಾಂತಿ, ಬಿಗಿಯಾದ ಒಳಉಡುಪಿನ ಆಸರೆ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ನೋವಿನ ಮಾತ್ರೆ ಸಾಕು. ಕೆಲವು ದಿನಗಳಲ್ಲಿ ನೋವು ಇಳಿಯುತ್ತದೆ.

ವೈರಸ್ ಹೋಗುವ ಇನ್ನೆರಡು ದಾರಿಗಳನ್ನೂ ಗಮನದಲ್ಲಿಡಿ. ತೀವ್ರ ತಲೆನೋವಿನೊಂದಿಗೆ ಕುತ್ತಿಗೆ ಬಗ್ಗಿಸಲಾಗದಿದ್ದರೆ, ಮಂಪರಿದ್ದರೆ ಅಥವಾ ಪದೇ ಪದೇ ವಾಂತಿಯಾದರೆ ಮಿದುಳಿನ ಪೊರೆಗೆ ಸೋಂಕು ತಗುಲಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕಿವಿ ಕೆಡುವುದು ಅಪರೂಪ, ಆದರೆ ಒಂದೇ ಕಿವಿ ಕೆಟ್ಟರೆ ಹುಡುಗನಿಗೇ ಗೊತ್ತಾಗದೆ ಹೋಗಬಹುದು. ಮೊಬೈಲನ್ನು ಒಂದೊಂದೇ ಕಿವಿಗೆ ಹಿಡಿಸಿ, ಎರಡರಲ್ಲೂ ಒಂದೇ ಸಮ ಕೇಳುತ್ತದೆಯೇ ಎಂದು ಕೇಳಿ ನೋಡಿ.

ಕೆನ್ನೆಯ ಬಗ್ಗೆ ಹೇಳುವುದಾದರೆ, ಮಂಗನಬಾವಿನ ಊತ ಕಿವಿಯ ಮುಂದೆ ಮತ್ತು ಕೆಳಗೆ ಇದ್ದು, ದವಡೆಯ ಮೂಲೆಯನ್ನು ಮುಚ್ಚುತ್ತದೆ, ಕಿವಿಯ ಹಾಲೆಯನ್ನು ಮೇಲಕ್ಕೂ ಹೊರಕ್ಕೂ ತಳ್ಳುತ್ತದೆ. ಊತ ಒಂದೇ ಕಡೆ ನಿಂತು, ಚರ್ಮ ಕೆಂಪಾಗಿ, ಬಾಯೊಳಗೆ ಮೇಲಿನ ದವಡೆ ಹಲ್ಲಿನ ಎದುರು ಕೀವು ಕಂಡರೆ ಅದು ಬ್ಯಾಕ್ಟೀರಿಯಾದ ಸೋಂಕು, ಅದಕ್ಕೆ ಆಂಟಿಬಯೋಟಿಕ್ ಬೇಕು. ಮಂಗನಬಾವಿಗೆ ಆಂಟಿಬಯೋಟಿಕ್ ಬೇಡ. ಲಸಿಕೆ ಪಡೆದವರಲ್ಲಿ ರಕ್ತದ ಐಜಿಎಂ ಪರೀಕ್ಷೆ ಸುಳ್ಳಾಗಿ ನೆಗೆಟಿವ್ ಬರುವುದುಂಟು. ಪರೀಕ್ಷೆ ಮಾಡಿಸುವುದಾದರೆ ಊತ ಶುರುವಾದ ಮೂರು ದಿನದೊಳಗೆ ಕೆನ್ನೆಯ ಒಳಗಿನಿಂದ ತೆಗೆದ ದ್ರವದ ಪಿಸಿಆರ್ ಹೆಚ್ಚು ನಂಬಬಹುದಾದದ್ದು.

ಜ್ವರ, ನೋವಿಗೆ ಪ್ಯಾರಾಸಿಟಮಾಲನ್ನು ವೈದ್ಯರು ತೂಕ ನೋಡಿ ಹೇಳಿದ ಪ್ರಮಾಣದಲ್ಲಿ ಕೊಡಿ. ಆಸ್ಪಿರಿನ್ ಕೊಡಲೇಬೇಡಿ. ತಿಳಿಸಾರು, ನಿಂಬೆಹಣ್ಣು, ಉಪ್ಪಿನಕಾಯಿಯಂಥ ಹುಳಿಯೆಲ್ಲ ಸದ್ಯ ದೂರವಿರಲಿ, ಏಕೆಂದರೆ ಹುಳಿ ಬಾಯಿಗೆ ಬಿದ್ದ ತಕ್ಷಣ ಜೊಲ್ಲು ಸುರಿಯಬೇಕು, ಊದಿದ ಗ್ರಂಥಿ ಹಿಂಡಿದಂತೆ ನೋಯುತ್ತದೆ. ಮೆತ್ತಗಿನ ಮೊಸರನ್ನ ಹುಳಿಯಿಲ್ಲದೆ ಇದ್ದರೆ ಆದೀತು, ಗಂಜಿ ಇನ್ನೂ ಒಳ್ಳೆಯದು.

ಊತ ಕಾಣಿಸುವ ಎರಡು ದಿನ ಮೊದಲಿನಿಂದ, ಕಾಣಿಸಿಕೊಂಡ ಮೇಲೆ ಐದು ದಿನಗಳವರೆಗೆ ಅವನು ಬೇರೆಯವರಿಗೆ ಹರಡಬಲ್ಲ. ಶನಿವಾರ ಶುರುವಾದದ್ದರಿಂದ ಗುರುವಾರದವರೆಗೆ ಶಾಲೆ ಬೇಡ. ಶುಕ್ರವಾರ ಚೆನ್ನಾಗಿದ್ದರೆ ಹೋಗಬಹುದು. ಈಗ ಅವನಿಗೆ ಎಂಎಂಆರ್ ಹಾಕಿಸಿದರೆ ಈ ಸಲದ ರೋಗ ತಗ್ಗುವುದಿಲ್ಲ. ಮನೆಯಲ್ಲಿ ತಮ್ಮನೋ ತಂಗಿಯೋ ಇದ್ದರೆ ಅವರ ಕಾರ್ಡನ್ನೂ ಇದೇ ಕಣ್ಣಿನಲ್ಲಿ ನೋಡಿ, ಎಂಆರ್ ಎಂದಿರುವುದನ್ನು ಬದಿಗಿಟ್ಟು ಎಂಎಂಆರ್ ಎಂದಿರುವುದನ್ನು ಮಾತ್ರ ಎಣಿಸಿ. ಎರಡು ಇಲ್ಲದಿದ್ದರೆ ಉಳಿದದ್ದನ್ನು ಹಾಕಿಸಿ, ಎರಡರ ನಡುವೆ ಕನಿಷ್ಠ ನಾಲ್ಕು ವಾರ ಇರಲಿ. ಅಣ್ಣನಿಂದ ಈಗಾಗಲೇ ಸೋಂಕು ತಗುಲಿದ್ದರೆ ಅದನ್ನು ಈ ಲಸಿಕೆ ತಡೆಯದು. 25 ದಿನಗಳವರೆಗೆ ಅವರ ಕೆನ್ನೆಯ ಮೇಲೊಂದು ಕಣ್ಣಿರಲಿ.