ಸಂಘದ ದುಡ್ಡಿನ ಗುಲ್ಲು ನಿಮ್ಮ ಕಿವಿಗೆ ಬಿದ್ದಾಗ

ಮಹಿಳಾ ಸ್ವಸಹಾಯ ಸಂಘವೊಂದರ ಖಜಾಂಚಿಗೆ ಸಂಜೆ ಹೊತ್ತಿಗೆ ಪಕ್ಕದ ಮನೆಯಾಕೆ ಬಂದು, "ಅಕ್ಕಾ, ಸಂಘದ ದುಡ್ಡು ನೀವೇ ಬಳಸ್ಕೊಂಡಿದೀರ ಅಂತ ಮಾತಾಡ್ಕೊಳ್ತಿದಾರೆ" ಎನ್ನುತ್ತಾಳೆ ಎಂದಿಟ್ಟುಕೊಳ್ಳಿ. ಎದೆ ಡವಗುಟ್ಟುತ್ತದೆ, ಮುಖ ಬಿಸಿಯಾಗುತ್ತದೆ, ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ. ಆ ಗಳಿಗೆಯಲ್ಲಿ ಸಂಘದ ವಾಟ್ಸಾಪ್ ಗುಂಪಿಗೆ ಹಾಕುವ ಸಂದೇಶದಿಂದ ಆಗುವಷ್ಟು ಹಾನಿ ಮೂಲ ಗುಲ್ಲಿನಿಂದಲೂ ಆಗುವುದಿಲ್ಲ. ಇಪ್ಪತ್ತು ಸದಸ್ಯರಲ್ಲಿ ಮೂರು ಜನರಿಗಷ್ಟೇ ಗೊತ್ತಿದ್ದ ಮಾತು ಇಪ್ಪತ್ತೂ ಜನರಿಗೆ ತಲುಪುತ್ತದೆ. ಜೊತೆಗೆ, "ತಪ್ಪಿಲ್ಲದಿದ್ರೆ ಇಷ್ಟು ಸಿಟ್ಟು ಯಾಕೆ?" ಎಂಬ ಇನ್ನೊಂದು ಮಾತು ಹುಟ್ಟಿಕೊಳ್ಳುತ್ತದೆ.

ಆದ್ದರಿಂದ ಮೊದಲು ದೇಹ ತಣ್ಣಗಾಗಲಿ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಐದು ನಿಮಿಷ ಹೀಗೆ ಮಾಡಿ. ಉಸಿರು ಬಿಡುವುದು ನಿಧಾನವಾದಷ್ಟೂ ಎದೆಬಡಿತ ಇಳಿಯುತ್ತದೆ. ಹೇಳಬೇಕೆನಿಸಿದ್ದನ್ನೆಲ್ಲ ಒಂದು ಕಾಗದದ ಮೇಲೆ ಬರೆದಿಡಿ, ಫೋನಿನಲ್ಲಿ ಬೇಡ. ಬೆಳಗಾಗುವವರೆಗೆ ಯಾರಿಗೂ ಉತ್ತರ ಕೊಡಬೇಡಿ.

ಸುದ್ದಿ ತಂದವರನ್ನು "ಯಾರು ಹೇಳಿದ್ದು?" ಎಂದು ಮೊದಲೇ ಕೇಳಿದರೆ ಅವರು ಹೆದರಿ ಮಾತು ನುಂಗುತ್ತಾರೆ. "ಸರಿಯಾಗಿ ಏನಂದ್ರು? ನೀವೇ ಕೇಳಿಸಿಕೊಂಡ್ರಾ, ಇಲ್ಲ ಇನ್ನೊಬ್ಬರು ಹೇಳಿದ್ದಾ? ಯಾವತ್ತಿನ ಮಾತು?" ಎಂದು ಕೇಳಿ. ಈ ವಿವರ ಮುಖ್ಯ. ಗಾರ್ಡನ್ ಆಲ್‌ಪೋರ್ಟ್ ಮತ್ತು ಲಿಯೋ ಪೋಸ್ಟ್‌ಮನ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಒಂದು ಚಿತ್ರದ ವಿವರವನ್ನು ಬಾಯಿಂದ ಬಾಯಿಗೆ ದಾಟಿಸಿ ನೋಡಿದ್ದರು. ಐದಾರು ಜನರನ್ನು ದಾಟುವಷ್ಟರಲ್ಲಿ ಸುಮಾರು ಶೇ. 70ರಷ್ಟು ವಿವರ ಉದುರಿಹೋಗಿತ್ತು, ಉಳಿದದ್ದು ಇನ್ನಷ್ಟು ಚೂಪಾಗಿತ್ತು. ನಿಮ್ಮ ಕಿವಿಗೆ ಬಿದ್ದ ಮಾತನ್ನೇ ಮೊದಲನೆಯಾಕೆ ಆಡಿರಬೇಕೆಂದೇನಿಲ್ಲ.

1947ರಲ್ಲಿ ಅವರೇ ಮುಂದಿಟ್ಟ ಒಂದು ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ: ವಿಷಯದ ಮಹತ್ವವನ್ನು ಅದರ ಅಸ್ಪಷ್ಟತೆಯಿಂದ ಗುಣಿಸಿದಷ್ಟು ಗುಲ್ಲಿನ ಬಲ. ಸಂಘದ ದುಡ್ಡಿನ ಮಹತ್ವವನ್ನು ಯಾರೂ ಕಡಿಮೆ ಮಾಡಲಾರರು. ಅಸ್ಪಷ್ಟತೆಯನ್ನು ಕಳೆಯುವುದು ಮಾತ್ರ ನಮ್ಮ ಕೈಯಲ್ಲಿದೆ. ಹಾಗಾಗಿ ಗುಲ್ಲಿನೊಳಗೆ ನಿಜದ ಎಳೆ ಯಾವುದಿದೆ ಎಂದು ಹುಡುಕಿ. ನಮ್ಮ ಖಜಾಂಚಿಯ ಪ್ರಸಂಗದಲ್ಲಿ ಸದಸ್ಯೆಯೊಬ್ಬರು ಗುರುವಾರ ಸಂಜೆಯ ಸಭೆಯಲ್ಲಿ 2,000 ರೂಪಾಯಿ ಸಾಲದ ಕಂತು ಕೊಟ್ಟಿದ್ದರು. ಶುಕ್ರವಾರ ಖಜಾಂಚಿ ಊರಲ್ಲಿರಲಿಲ್ಲ, ಮರುದಿನ ಎರಡನೇ ಶನಿವಾರ, ಆಮೇಲೆ ಭಾನುವಾರ, ಸೋಮವಾರ ಹಬ್ಬದ ರಜೆ. ಹಣ ಬ್ಯಾಂಕಿಗೆ ಹೋದದ್ದು ಮಂಗಳವಾರ. ಈ ನಡುವೆ "ಇನ್ನೂ ಖಾತೆಗೆ ಬಿದ್ದಿಲ್ವಂತೆ" ಎಂಬುದು "ಕಟ್ಟಿಲ್ವಂತೆ" ಆಗಿ, ಕೊನೆಗೆ "ತಿಂದ್ಳಂತೆ" ಆಯಿತು.

ಎಳೆ ಸಿಕ್ಕ ಮೇಲೆ ಕಂತು ಕೊಟ್ಟ ಆ ಸದಸ್ಯೆಯನ್ನು ಒಬ್ಬರೇ ಹೋಗಿ ನೋಡಿ. ಜೊತೆಗೆ ಯಾರನ್ನಾದರೂ ಕರೆದೊಯ್ದರೆ ಅದು ಪಂಚಾಯ್ತಿಯಾಗುತ್ತದೆ. "ಲೆಕ್ಕದ ಬಗ್ಗೆ ಒಂದು ಮಾತು ನನ್ನ ಕಿವಿಗೆ ಬಿತ್ತು. ನಿಮ್ಮ ಕಂತಿನ ವಿಷಯದಲ್ಲಿ ಏನಾದ್ರೂ ಅನುಮಾನ ಬಂದಿತ್ತಾ ಅಕ್ಕಾ?" ಎಂದು ಕೇಳಿ, ಸುಮ್ಮನಿರಿ. ಆಕೆ "ನಾನೆಲ್ಲಿ ಹಂಗಂದೆ?" ಎನ್ನುವ ಸಂಭವವೇ ಹೆಚ್ಚು. ಅಲ್ಲಿಗೇ ಬಿಡಿ. ಒಪ್ಪಿಸಲೇಬೇಕೆಂದು ಹೊರಟರೆ ಆಕೆ ತನ್ನ ಮಾನ ಉಳಿಸಿಕೊಳ್ಳಲು ಅದೇ ಮಾತನ್ನು ಇನ್ನೂ ಗಟ್ಟಿಯಾಗಿ ಆಡಬೇಕಾಗುತ್ತದೆ. ಸುದ್ದಿ ತಂದವರ ಹೆಸರನ್ನಂತೂ ಎತ್ತಲೇಬೇಡಿ.

ಮುಂದಿನ ಸಭೆಯಲ್ಲಿ ಪಾಸ್‌ಬುಕ್, ಚಲನ್, ರಸೀದಿ ಪುಸ್ತಕ ಮೂರನ್ನೂ ಮೇಜಿನ ಮೇಲಿಟ್ಟು ನಿಜಾಂಶದಿಂದಲೇ ಶುರುಮಾಡಿ: "ಗುರುವಾರ ಬಂದ 2,000 ರೂಪಾಯಿ ಮಂಗಳವಾರ ಖಾತೆಗೆ ಹೋಗಿದೆ, ಚಲನ್ ಇಲ್ಲಿದೆ. ತಡ ಆಗಿದ್ದು ನಿಜ, ಅದನ್ನು ಅವತ್ತೇ ತಿಳಿಸಬೇಕಿತ್ತು. ಬೇರೆ ಥರ ಮಾತು ಹಬ್ಬಿದೆ, ಅದು ಸರಿಯಲ್ಲ. ಪಾಸ್‌ಬುಕ್ ಎಲ್ಲರೂ ನೋಡಿ." ಆರೋಪವನ್ನು ಒಂದೇ ಸಲ, ಅದೂ ನಡುವೆ ಹೇಳಿ. "ನಾನು ಕಳ್ಳಿಯಲ್ಲ" ಎಂದು ಹತ್ತು ಸಲ ಹೇಳಿದರೆ "ಕಳ್ಳಿ" ಎಂಬ ಮಾತೇ ಕೇಳಿದವರ ತಲೆಯಲ್ಲಿ ಉಳಿಯುತ್ತದೆ. ಮತ್ತೆ ಮತ್ತೆ ಕಿವಿಗೆ ಬಿದ್ದ ಮಾತು ಸುಳ್ಳಾದರೂ ನಿಜವೆನಿಸತೊಡಗುತ್ತದೆ. ಲೆಕ್ಕ ಪರಿಶೀಲಿಸಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ ಎಲ್ಲರ ಸಹಿ ಹಾಕಿಸಿ. ಇನ್ನು ಮುಂದೆ ಹಣ ಕಟ್ಟಿದ ದಿನವೇ ಚಲನ್‌ನ ಫೋಟೋ ಗುಂಪಿಗೆ ಹಾಕುವ ರೂಢಿ ಇರಲಿ.

ನಡತೆಯ ಮೇಲಿನ ಗುಲ್ಲಿಗೆ ಈ ದಾರಿ ಹಿಡಿಯುವುದಿಲ್ಲ. ಅಲ್ಲಿ ತೋರಿಸಲು ಪಾಸ್‌ಬುಕ್ ಇರುವುದಿಲ್ಲ, ವಿವರಿಸಿದಷ್ಟೂ ಮಾತು ಬೆಳೆಯುತ್ತದೆ. ನಿಮ್ಮ ಬದುಕಿಗೆ ಬೇಕಾದ ನಾಲ್ಕಾರು ಜನರಿಗೆ "ಅದು ಸುಳ್ಳು" ಎಂದು ಒಮ್ಮೆ ಹೇಳಿ ನಿಲ್ಲಿಸಿ. ಇದು ಕಷ್ಟ, ಅನ್ಯಾಯ ಅನಿಸುತ್ತದೆ, ಅನಿಸುವುದು ಸಹಜವೇ. ನಿದ್ದೆ, ಊಟ ಕೆಟ್ಟು ಎರಡು ವಾರ ಕಳೆದರೂ ಸುಧಾರಿಸದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಗುಲ್ಲು ಬರಹದ ರೂಪದಲ್ಲಿದ್ದರೆ ಬರೆದವರನ್ನು ಕೇಳುವ ಮೊದಲೇ ದಿನಾಂಕ, ನಂಬರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಕೇಳಿದ ಮೇಲೆ ಅಳಿಸಿಬಿಡಬಹುದು. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಬರುತ್ತದೆ. ಪರಿಹಾರ ಕೋರಿ ಸಿವಿಲ್ ದಾವೆ ಹೂಡಲು ಇರುವ ಅವಧಿ ಒಂದು ವರ್ಷ. ಶಾಂತವಾಗಿ ಕಾಯುವಾಗಲೂ ಈ ಗಡುವು ನೆನಪಿರಲಿ.